ಸುಟ್ಟ ಮೋಟಾರ್ ಎರಡೂ ಕಾಲಮ್‌ನಲ್ಲಿ ಬಂತು: ಒಂದು ವಾರಂಟಿ ಪ್ಯಾರಾನ ಟೇಬಲ್ ಮಾಡಿದ ಕಥೆ

ಹಾಸನದ ಬಿ.ಎಂ. ರೋಡಲ್ಲಿ ನಮಗೆ ಗೊತ್ತಿರೋರದ್ದೊಂದು ಪಂಪ್‌ಸೆಟ್ ಅಂಗಡಿ ಇದೆ, ಬೋರ್‌ವೆಲ್ಲಿಗೆ ಇಳಿಸೋ ಸಬ್‌ಮರ್ಸಿಬಲ್ ಮೋಟಾರು, ಪೈಪು, ಕೇಬಲ್ಲು, ಸ್ಟಾರ್ಟರ್ ಎಲ್ಲ ಮಾರ್ತಾರೆ. ನನ್ನ ಕೆಲಸ ಕಂಪನಿಗಳಿಗೆ ಮ್ಯಾನ್ಯುಯಲ್ ಬರೆಯೋದು, ಮನೆಯಿಂದಾನೇ. 2024ರ ನವೆಂಬರಲ್ಲಿ ಒಂದಿನ ಅಲ್ಲಿಗೆ ಮನೆ ಸಂಪಿನ ಫುಟ್‌ವಾಲ್ವ್ ತರಕ್ಕೆ ಅಂತ ಹೋದೋನು ಅಲ್ಲೇ ನಿಂತ್ಬಿಟ್ಟೆ, ಯಾಕಂದ್ರೆ ಕೌಂಟರ್ ಹತ್ರ ಜೋರು ಮಾತು ನಡೀತಿತ್ತು.

ಗಂಡಸಿ ಕಡೆಯ ತೆಂಗಿನ ತೋಟದೋರು ಒಬ್ರು, ವಯಸ್ಸಾದೋರು, ಲಗೇಜ್ ಆಟೋಲಿ ಮೋಟಾರ್ ಹಾಕ್ಕೊಂಡು ಬಂದಿದ್ರು. ಕೈಲಿ ಪ್ಲಾಸ್ಟಿಕ್ ಕವರಲ್ಲಿ ಜೋಪಾನವಾಗಿ ಇಟ್ಟಿದ್ದ ಬಿಲ್ಲು, ವಾರಂಟಿ ಕಾರ್ಡು.

"ಬಿಲ್ಲಲ್ಲಿ ಜನವರಿ ಅಂತ ನೀವೇ ಬರ್ದಿದೀರಲ್ಲ, ವರ್ಷ ಆಗಿಲ್ಲ ಇನ್ನೂವೆ, ಎಂಗೆ ಇಲ್ಲ ಅಂತೀರಾ?" ಅಂತ ಅವರು.

"ಗೌಡ್ರೆ, ಕಾರ್ಡಲ್ಲೇ ಐತಲ್ಲ ಓದ್ಕೊಳಿ" ಅಂತ ಅಂಗಡಿ ಅಣ್ಣ.

ಓದ್ಕೊಳೋದು ಏನು, ಅದು ಕಾರ್ಡಿನ ಹಿಂದೆ ಇರುವೆ ಸಾಲಿನ ಥರ ಅಚ್ಚಾಗಿರೋ ಒಂದೇ ಒಂದು ಪ್ಯಾರಾ, ಅದರಲ್ಲೂ ಒಂದೇ ವಾಕ್ಯ. ಗೌಡ್ರು ಕಾರ್ಡನ್ನ ನನ್ನ ಕೈಗೆ ಕೊಟ್ಟು "ನೀವಾದ್ರೂ ಓದಿ ಯೋಳಿ ಸ್ವಾಮಿ" ಅಂದ್ರು. ನಾನು ಓದ್ದೆ, ನನಗೂ ಒಂದೇ ಸಲಕ್ಕೆ ಅರ್ಥ ಆಗಲಿಲ್ಲ. ಮ್ಯಾನ್ಯುಯಲ್ ಬರೆದು ಹೊಟ್ಟೆ ಹೊರೆಯೋನಿಗೇ ಹಿಂಗಾದ್ರೆ ಇನ್ನೇನು ಹೇಳೋದು. ಆವತ್ತು ಸಂಜೆ ಅಂಗಡಿ ಅಣ್ಣ ಫೋನ್ ಮಾಡಿ, "ಲೇ, ಅದ್ನ ಎರಡು ಕಾಲಮ್ ಮಾಡಿ ಕೊಡೋ, ಏನಕ್ಕೆ ಐತೆ ಏನಕ್ಕೆ ಇಲ್ಲ ಅಂತ, ದೊಡ್ಡದಾಗಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸ್ತೀನಿ, ದಿನಾ ಇದೇ ಜಗಳ ಆಗೋಯ್ತು" ಅಂದ. ಎರಡು ಕಾಲಮ್ ತಾನೇ, ಅರ್ಧ ಗಂಟೆ ಕೆಲಸ ಅನ್ಕೊಂಡು ಒಪ್ಕೊಂಡೆ. ಹಿಡೀತು ಹತ್ತಿರ ಹತ್ತಿರ ಎರಡು ವಾರ, ನಡುವೆ ನಾನು ಮಾಡಿದ ತಪ್ಪು ಒಂದೆರಡಲ್ಲ, ಅದನ್ನೇ ಇಲ್ಲಿ ಬರೀತಿದೀನಿ.

ಪ್ಯಾರಾ ಹೆಚ್ಚುಕಮ್ಮಿ ಹೀಗಿತ್ತು, ಉಸಿರು ಹಿಡ್ಕೊಂಡು ಓದಿ:

> ಈ ಪಂಪ್‌ಸೆಟ್ಟಿಗೆ ಮಾರಾಟದ ದಿನಾಂಕದಿಂದ 12 ತಿಂಗಳು ಅಥವಾ ತಯಾರಿಕೆಯ ದಿನಾಂಕದಿಂದ 18 ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಸಾಮಗ್ರಿ ಅಥವಾ ತಯಾರಿಕೆಯ ದೋಷದಿಂದ ಉಂಟಾಗುವ ಹಾನಿಯ ವಿರುದ್ಧ ವಾರಂಟಿ ನೀಡಲಾಗಿದ್ದು, ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಪರೀಕ್ಷಿಸಿ ದೋಷ ದೃಢಪಟ್ಟಲ್ಲಿ ಅಂತಹ ಭಾಗವನ್ನು ಉಚಿತವಾಗಿ ದುರಸ್ತಿ ಅಥವಾ ಬದಲಾವಣೆ ಮಾಡಿಕೊಡಲಾಗುವುದು, ಆದರೆ ಕೇಬಲ್, ನೆಕ್ ರಿಂಗ್, ಬುಷ್, ಆಯಿಲ್ ಸೀಲ್ ಮುಂತಾದ ಸವೆಯುವ ಭಾಗಗಳಿಗೆ, ಅವು ತಯಾರಿಕೆಯ ದೋಷದಿಂದಲೇ ಹಾಳಾದ ಸಂದರ್ಭವನ್ನು ಹೊರತುಪಡಿಸಿ, ವಾರಂಟಿ ಅನ್ವಯಿಸುವುದಿಲ್ಲ, ಹಾಗೂ ನೀರಿಲ್ಲದೆ ಓಡಿಸಿದ್ದರಿಂದ, 350 ವೋಲ್ಟ್‌ಗಿಂತ ಕಡಿಮೆ ಅಥವಾ 440 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ತಿನಲ್ಲಿ ಓಡಿಸಿದ್ದರಿಂದ, ಒಂದು ಫೇಸ್ ಇಲ್ಲದೆ ಓಡಿಸಿದ್ದರಿಂದ, ಸೂಕ್ತ ಸ್ಟಾರ್ಟರ್ ಪ್ಯಾನೆಲ್ ಇಲ್ಲದೆ ಓಡಿಸಿದ್ದರಿಂದ ಅಥವಾ ಮರಳುಮಿಶ್ರಿತ ನೀರಿನಿಂದ ಉಂಟಾದ ಹಾನಿಗೆ ಅನ್ವಯಿಸುವುದಿಲ್ಲ, ಪಂಪನ್ನು ಕೊಳವೆಬಾವಿಯಿಂದ ಎತ್ತುವ, ಇಳಿಸುವ ಮತ್ತು ಸಾಗಿಸುವ ವೆಚ್ಚ ಗ್ರಾಹಕರದ್ದಾಗಿದ್ದು, ಅಧಿಕೃತರಲ್ಲದವರು ಬಿಚ್ಚಿದ್ದಲ್ಲಿ ಅಥವಾ ಸೀರಿಯಲ್ ನಂಬರ್ ಅಳಿಸಿದ್ದಲ್ಲಿ ಅಥವಾ ತಿದ್ದಿದ್ದಲ್ಲಿ ವಾರಂಟಿ ಸಂಪೂರ್ಣವಾಗಿ ರದ್ದಾಗುತ್ತದೆ, ದುರಸ್ತಿಯಾದ ಭಾಗಕ್ಕೆ ಮೂಲ ವಾರಂಟಿಯ ಉಳಿದ ಅವಧಿ ಮಾತ್ರ ಅನ್ವಯಿಸುತ್ತದೆ.

ಮೊದಲ ಟೇಬಲ್ ನಾನು ಮಾಡಿದ್ದು ಎಲ್ರೂ ಮಾಡೋ ಥರಾನೇ. ಪ್ಯಾರಾ ಓದ್ತಾ ಹೋದೆ, "ನೀಡಲಾಗಿದ್ದು" ಅಂತ ಬಂದ್ರೆ ಎಡಕ್ಕೆ, "ಅನ್ವಯಿಸುವುದಿಲ್ಲ" ಅಂತ ಬಂದ್ರೆ ಬಲಕ್ಕೆ.

| ವಾರಂಟಿ ಇದೆ | ವಾರಂಟಿ ಇಲ್ಲ |
|---|---|
| ಮೋಟಾರ್ | ಕೇಬಲ್ |
| ಪಂಪ್ | ನೆಕ್ ರಿಂಗ್, ಬುಷ್, ಆಯಿಲ್ ಸೀಲ್ |
| 12 ತಿಂಗಳು | ಮೋಟಾರ್ ಸುಟ್ಟರೆ |
| ಉಚಿತ ರಿಪೇರಿ | ಎತ್ತೋ ಇಳಿಸೋ ಖರ್ಚು |
| | ಬೇರೆಯವರು ಬಿಚ್ಚಿದ್ರೆ |

ನೋಡಕ್ಕೆ ಚೆನ್ನಾಗಿತ್ತು. ಅಂಗಡಿಲಿ ಕೌಂಟರಲ್ಲಿ ಕೂರೋ ಹುಡುಗನಿಗೆ ಕೊಟ್ಟು, ಮೋಟಾರ್ ಸುಟ್ಟಿದೆ ಅಂತ ಯಾರಾದ್ರೂ ಬಂದ್ರೆ ಏನ್ ಹೇಳ್ತೀಯಪ್ಪ ಅಂತ ಕೇಳ್ದೆ. ಅವನು ಎಡಗಡೆ ಬೆರಳಿಟ್ಟು ಮೋಟಾರ್ ಇದೆ ಅಂದ, ಆಮೇಲೆ ಬಲಗಡೆ ಬೆರಳಿಟ್ಟು ಸುಟ್ಟರೆ ಇಲ್ಲ ಅಂದ, ಆಮೇಲೆ ತಲೆ ಕೆರ್ಕೊಂಡು "ಅಣ್ಣ, ಮೋಟಾರ್ ಸುಡದೆ ಇನ್ನೆಂಗೆ ಕೆಡತ್ತೆ?" ಅಂದ. ಸರಿಯಾದ ಪ್ರಶ್ನೆ. ಮೋಟಾರ್ ಕಂಪ್ಲೇಂಟ್ ಅಂತ ಬರೋದ್ರಲ್ಲಿ ಮುಕ್ಕಾಲು ಪಾಲು ಸುಟ್ಟಿರೋದೇ. ಅಂದ್ರೆ ನನ್ನ ಟೇಬಲ್ ಪ್ರಕಾರ ಮೋಟಾರಿಗೆ ವಾರಂಟಿ ಅನ್ನೋದು ಹೆಸರಿಗೆ ಮಾತ್ರ, ಆದ್ರೆ ಪ್ಯಾರಾ ಹಾಗೆ ಹೇಳೋದೇ ಇಲ್ಲ. ಸುಟ್ಟಿದ್ದಕ್ಕೆ ವಾರಂಟಿ ಇಲ್ಲ ಅಂತ ಎಲ್ಲೂ ಬರೆದಿಲ್ಲ, ಇಂತಿಂಥ ಕಾರಣಕ್ಕೆ ಆದ ಹಾನಿಗೆ ಇಲ್ಲ ಅಂತ ಬರೆದಿದೆ. ಭಾಗದ ಹೆಸರನ್ನ ಸಾಲು ಮಾಡ್ಕೊಂಡಿದ್ದೇ ಎಡವಟ್ಟು. ಈ ಕಾರ್ಡು ಭಾಗ ನೋಡಿ ಹೌದು ಇಲ್ಲ ಹೇಳಲ್ಲ, ಬಹುಪಾಲು ಕಾರಣ ನೋಡಿ ಹೇಳತ್ತೆ, ಮೋಟಾರ್ ಒಳಗೆ ಸುತ್ತಿರೋ ಅದೇ ವೈರು, ಅಂದ್ರೆ ವೈಂಡಿಂಗು, ಕಾರಣ ಬದಲಾದ್ರೆ ಆ ಕಡೆಯಿಂದ ಈ ಕಡೆಗೆ ಜಿಗಿಯತ್ತೆ.

ಹಂಗಾಗಿ ಟೇಬಲ್ ಮಡಚಿಟ್ಟು ಪ್ಯಾರಾಗೆ ವಾಪಸ್ ಹೋದೆ. ಪ್ರಿಂಟ್ ತೆಗೆದು ಪೆನ್ ತಗೊಂಡು ಒಂದೊಂದು ತುಂಡು ಮಾತಿಗೂ ನಂಬರ್ ಹಾಕ್ತಾ ಹೋದೆ, ಒಂದು ನಂಬರಲ್ಲಿ ಒಂದೇ ವಿಷಯ ಇರ್ಬೇಕು ಅಂತ ಲೆಕ್ಕ. 12 ತಿಂಗಳು ಒಂದು, 18 ತಿಂಗಳು ಎರಡು, "ಯಾವುದು ಮೊದಲೋ" ಮೂರು, ದೋಷದ ಮಾತು 4, ಪರೀಕ್ಷೆ 5, ಉಚಿತ ರಿಪೇರಿ ಅಥವಾ ಬದಲಾವಣೆ 6, ಸವೆಯೋ ನಾಲ್ಕು ಭಾಗಕ್ಕೆ 7ರಿಂದ 10, ಅವುಗಳ ಹೊರತುಪಡಿಸಿ ಅನ್ನೋ ಮಾತು 11, ಐದು ಕಾರಣಕ್ಕೆ 12ರಿಂದ 16, ಎತ್ತೋ ಇಳಿಸೋ ಖರ್ಚು 17, ಸಾಗಣೆ 18, ಬಿಚ್ಚಿದ್ದು 19, ಸೀರಿಯಲ್ ನಂಬರ್ 20, ಉಳಿದ ಅವಧಿ 21. ಎಲ್ಲ ಆಯ್ತು ಅನ್ಕೊಂಡು ಇನ್ನೊಂದ್ಸಲ ಓದಿದಾಗ ಕಣ್ಣಿಗೆ ಬಿದ್ದಿದ್ದು "ಮುಂತಾದ". ಅದಕ್ಕೆ ನಂಬರೇ ಹಾಕಿರ್ಲಿಲ್ಲ. ಅದು 22.

ನಂಬರ್ ಹಾಕಿದ ಮೇಲೆ ಕಾಣಿಸಿದ್ದು ಏನಂದ್ರೆ ಇವೆಲ್ಲ ಒಂದೇ ಜಾತಿ ಮಾತುಗಳಲ್ಲ. ಕೆಲವು ಅವಧಿ ಬಗ್ಗೆ, ಕೆಲವು ಕಾರಣದ ಬಗ್ಗೆ, ಕೆಲವು ದುಡ್ಡು ಯಾರು ಕೊಡೋದು ಅನ್ನೋದ್ರ ಬಗ್ಗೆ, ಎರಡು ಮಾತ್ರ ಇಡೀ ವಾರಂಟಿನೇ ಕಿತ್ತಾಕೋವು. ಕಾರ್ಡಲ್ಲೂ ಎರಡು ಬೇರೆ ಪದ ಇದೆ ನೋಡಿ, ಒಂದು ಕಡೆ "ಅನ್ವಯಿಸುವುದಿಲ್ಲ", ಇನ್ನೊಂದು ಕಡೆ "ಸಂಪೂರ್ಣವಾಗಿ ರದ್ದು". ಕೇಬಲ್ ಸವೆದ್ರೆ ಕೇಬಲ್ಲಿಗೆ ಮಾತ್ರ ಸಿಗಲ್ಲ, ಮೋಟಾರಿನ ವಾರಂಟಿ ಹಂಗೇ ಇರತ್ತೆ. ಆದ್ರೆ ಊರಲ್ಲಿ ಯಾರೋ ಮೋಟಾರ್ ಬಿಚ್ಚಿದ್ರೆ ಎಲ್ಲದಕ್ಕೂ ಹೋಯ್ತು. ನನ್ನ ಮೊದಲ ಟೇಬಲಲ್ಲಿ ಇವೆರಡೂ ಒಂದೇ ಕಾಲಮ್‌ನಲ್ಲಿ ಅಣ್ಣತಮ್ಮಂದಿರ ಥರ ಮೇಲೆ ಕೆಳಗೆ ಕೂತಿದ್ವು.

ಇದು ಸಣ್ಣ ವಿಷಯ ಅಲ್ಲ ಅಂತ ಅಂಗಡಿ ಅಣ್ಣ ಹೇಳಿದಾಗಲೇ ಗೊತ್ತಾಗಿದ್ದು. ಪಂಪ್ ನಿಂತೋದ್ರೆ ರೈತರು ಮೊದಲು ಕರೆಯೋದು ಪಂಪ್ ಎತ್ತೋ ಗಾಡಿಯವ್ರನ್ನ, ನೂರಾರು ಅಡಿ ಪೈಪ್ ಮೇಲಕ್ಕೆತ್ತಿ ಮೋಟಾರ್ ಕೈಗೆ ಸಿಕ್ಕ ತಕ್ಷಣ ಅವ್ರಲ್ಲೇ ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿ ನೋಡೇಬಿಡ್ತಾರೆ, ಸಹಾಯ ಮಾಡ್ಬೇಕು ಅಂತಾನೇ. ಅಂಗಡಿಗೆ ಬರೋ ಹೊತ್ತಿಗೆ ತೋಟದಲ್ಲೇ ವಾರಂಟಿ ಮುಗಿದಿರತ್ತೆ. ಬೇರೆ ಯಾವ ಮಾತಿಗಿಂತ ಈ 19ನೇ ತುಂಡಿಂದಾನೇ ಜನಕ್ಕೆ ಜಾಸ್ತಿ ಲಾಸ್ ಅಂತ ಅವನ ಅನುಭವ. ಅದನ್ನ ಬಲಗಡೆ ಕಾಲಮ್‌ನ ಐದನೇ ಸಾಲಲ್ಲಿ ಮುಚ್ಚಿಟ್ಟಿದ್ದೆ ನಾನು. ಹೊಸ ಶೀಟಲ್ಲಿ ಅದು ಟೇಬಲ್‌ನಿಂದ ಹೊರಗೆ, ಎಲ್ಲಕ್ಕಿಂತ ಮೇಲೆ, ಗೆರೆ ಹಾಕಿದ ಡಬ್ಬಿ ಒಳಗೆ ಹೋಯ್ತು.

ಈಗ ಅವಧಿ ವಿಷಯ, ಅಂದ್ರೆ ಗಂಡಸಿ ಗೌಡ್ರ ಜಗಳ. 12 ತಿಂಗಳು ಅಂತ ಒಂದೇ ಮಾತು ಬರೆದಿದ್ದು ನನ್ನ ಎರಡನೇ ತಪ್ಪು, ಮತ್ತೆ ಅದು ಸೋಮಾರಿತನದ ತಪ್ಪು, ಯಾಕಂದ್ರೆ 18 ತಿಂಗಳು ನನಗೆ ಕಂಡಿತ್ತು, 18 ಅನ್ನೋದು 12ಕ್ಕಿಂತ ದೊಡ್ಡದಲ್ವಾ, ಹಂಗಾಗಿ 12ನೇ ಮೊದಲು ಮುಗಿಯತ್ತೆ ಅಂತ ತಲೇಲಿ ಓಡೋಗಿತ್ತು. ಗೌಡ್ರ ಮೋಟಾರ್ ಮೇಲಿನ ಪ್ಲೇಟ್ ನೋಡಿದ್ರೆ ತಯಾರಾಗಿದ್ದು 2023ರ ಮಾರ್ಚ್. ಅಲ್ಲಿಂದ 18 ತಿಂಗಳು ಅಂದ್ರೆ 2024ರ ಸೆಪ್ಟೆಂಬರ್. ಬಿಲ್ಲಾಗಿದ್ದು 2024ರ ಜನವರಿ, ಅಲ್ಲಿಂದ 12 ಅಂದ್ರೆ 2025ರ ಜನವರಿ. ಯಾವುದು ಮೊದಲು? ಸೆಪ್ಟೆಂಬರ್. ಮೋಟಾರ್ ಹೋಗಿದ್ದು ನವೆಂಬರಲ್ಲಿ. ಗೌಡ್ರು ವರ್ಷದ ವಾರಂಟಿ ಅಂತ ಕೊಂಡಿದ್ರಲ್ಲಿ ಅವ್ರಿಗೆ ನಿಜವಾಗಿ ಸಿಕ್ಕಿದ್ದು ಎಂಟೇ ತಿಂಗಳು, ಮಿಕ್ಕಿದ್ದು ಮೋಟಾರು ಮಾರಾಟ ಆಗದೆ ಬಿದ್ದಿದ್ದಾಗಲೇ ಕರಗೋಗಿತ್ತು.

ಲೆಕ್ಕ ಸುಲಭ ಮಾಡ್ಕೊಂಡ್ರೆ ಹಿಂಗೆ: 18ರಲ್ಲಿ 12 ಕಳೆದ್ರೆ 6. ತಯಾರಾಗಿ 6 ತಿಂಗಳ ಒಳಗೆ ಮಾರಾಟ ಆದ್ರೆ ಬಿಲ್ ತಾರೀಖಿಂದ ಪೂರ್ತಿ 12 ಸಿಗತ್ತೆ. 6 ದಾಟಿದ್ರೆ ಎಷ್ಟು ದಾಟಿದ್ಯೋ ಅಷ್ಟು ಗ್ರಾಹಕನ ಲೆಕ್ಕದಲ್ಲಿ ಕಟ್. ಗೌಡ್ರದ್ದು 10 ತಿಂಗಳಾಗಿತ್ತು, 4 ಕಟ್ ಆಯ್ತು. ಆದ್ರೆ ಈ ಲೆಕ್ಕನ ಗೋಡೆ ಮೇಲೆ ಬರೆದು ರೈತರ ಕೈಲಿ ಮಾಡ್ಸೋದ್ರಲ್ಲಿ ಅರ್ಥ ಇಲ್ಲ. ಮಾರೋ ದಿನವೇ ಎರಡು ತಾರೀಖೂ ಗೊತ್ತಿರತ್ತೆ, ಅಂದ್ಮೇಲೆ ಮುಗಿಯೋ ತಾರೀಖೂ ಅವತ್ತೇ ಗೊತ್ತು. ಹಂಗಾಗಿ 1, 2, 3 ಮೂರೂ ತುಂಡು ತೆಗೆದು ಶೀಟಿನ ತಲೆ ಮೇಲೆ "ನಿಮ್ಮ ವಾರಂಟಿ ಮುಗಿಯೋ ದಿನ" ಅಂತ ಒಂದು ಖಾಲಿ ಜಾಗ ಬಿಟ್ಟೆ, ಬಿಲ್ ಹಾಕೋವಾಗ ಅಂಗಡಿಯೋರು ಕೈಯಲ್ಲಿ ತುಂಬಿ ಕೊಡ್ಬೇಕು. ಅಂದ್ರೆ ಗೋಡೆ ಪೋಸ್ಟರ್ ಒಂದೇ ಸಾಕಾಗಲ್ಲ, ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ಹಾಳೆ ಬೇಕು ಅಂತಾಯ್ತು. ಅಂಗಡಿ ಅಣ್ಣ ಮೊದಲು ಮೂತಿ ಸಿಂಡರಿಸಿದ, "ಎಂಟು ತಿಂಗಳು ಅಂತ ನಾನೇ ಬರ್ದು ಕೊಟ್ರೆ ಯಾವನು ತಗೋತಾನೆ?" ಅಂತ. ಅದು ಅವನ ವ್ಯಾಪಾರದ ಪ್ರಶ್ನೆ, ನನ್ನ ಟೇಬಲ್ಲಿಂದ ಅದಕ್ಕೆ ಉತ್ತರ ಇಲ್ಲ.

ಇನ್ನು ಕಾರಣಗಳು. ವೋಲ್ಟೇಜ್, ಫೇಸ್, ನೀರಿಲ್ಲದೆ ಓಡಿದ್ದು, ಇವನ್ನೆಲ್ಲ ಸಾಲಾಗಿ ಬರೆದ್ರೆ ಓದೋನಿಗೆ ಅವನ ಮೋಟಾರ್ ಯಾವ ಸಾಲಿಗೆ ಸೇರತ್ತೆ ಅಂತ ಹೆಂಗೆ ಗೊತ್ತಾಗ್ಬೇಕು? ಅದಕ್ಕೆ ವೈಂಡಿಂಗ್ ಮಾಡೋ ಸಾಹೇಬ್ರ ಹತ್ರ ಹೋದೆ, ಸುಟ್ಟ ಮೋಟಾರ್ ಬಿಚ್ಚಿ ಬಿಚ್ಚಿ ಕೈ ಪಳಗಿರೋ ಮನುಷ್ಯ. ಅವರು ಹೇಳಿದ್ದು ಇಷ್ಟು. ಒಂದು ಫೇಸ್ ಹೋಗಿ ಓಡಿದ್ರೆ ವೈಂಡಿಂಗ್ ಒಂದೇ ಸಮ ಸುಡಲ್ಲ, ಒಳಗೆ ಮೂರು ಕಾಯಿಲ್ ಜೋಡಿಸೋ ರೀತಿ ಎರಡು, ಸ್ಟಾರ್ ಕನೆಕ್ಷನ್ ಇದ್ರೆ ಎರಡು ಫೇಸಿನ ಕಾಯಿಲ್ ಹಾಳಾಗಿ ಒಂದು ಚೆನ್ನಾಗೇ ಇರತ್ತೆ, ಡೆಲ್ಟಾ ಆದ್ರೆ ಉಲ್ಟಾ, ಒಂದು ಸುಟ್ಟು ಎರಡು ಉಳಿಯತ್ತೆ. ವೋಲ್ಟೇಜ್ ಕಮ್ಮಿಯಾಗಿ ಲೋಡ್ ತಡೀದೆ ಹೋಗಿದ್ರೆ ಮೂರೂ ಫೇಸು ಸುತ್ತಲೂ ಒಂದೇ ಥರ. ತಯಾರಿಕೆಲೇ ತೊಂದರೆ ಇದ್ರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಪಂಕ್ಚರ್ ಥರ ಸುಟ್ಟಿರತ್ತೆ, ಸುತ್ತ ಇರೋ ವೈರ್ ಹೊಸದರ ಹಂಗೆ. ನೀರಿಲ್ಲದೆ ಓಡಿದ್ದು ವೈಂಡಿಂಗ್‌ಗಿಂತ ಮುಂಚೆ ಥ್ರಸ್ಟ್ ಬೇರಿಂಗು, ಬುಷ್ಷಲ್ಲಿ ಗೊತ್ತಾಗತ್ತೆ, ತಿರುಗಿ ನೀರು ಮೇಲಕ್ಕೆ ತಳ್ಳೋ ಇಂಪೆಲ್ಲರ್ ಪ್ಲಾಸ್ಟಿಕ್ ಆದ್ರೆ ಕರಗಿ ಅಂಟ್ಕೊಂಡಿರತ್ತೆ.

ನನಗೆ ಖುಷಿಯಾಗೋಯ್ತು, ಇದನ್ನೇ ಒಂದು ಕಾಲಮ್ ಮಾಡೋಣ, "ಗುರುತು" ಅಂತ, ರೈತರೇ ನೋಡ್ಕೊಳ್ಳಲಿ ಅಂದೆ. ಸಾಹೇಬ್ರು ನಕ್ಕು, "ನೋಡ್ಬೇಕಂದ್ರೆ ಬಿಚ್ಬೇಕಲ್ಲಪ್ಪ" ಅಂದ್ರು. ಬಿಚ್ಚಿದ್ರೆ 19! ನನ್ನ ಟೇಬಲ್ ಓದಿ ಅದರ ಪ್ರಕಾರ ನಡ್ಕೊಂಡೋನು ಅದೇ ಟೇಬಲ್‌ನ ಡಬ್ಬಿ ಪ್ರಕಾರ ವಾರಂಟಿ ಕಳ್ಕೋತಿದ್ದ. ಇನ್ನೂ ಒಂದು ಮಾತು ಹೇಳಿದ್ರು, ಗುರುತು ಯಾವಾಗಲೂ ನಿಜ ಹೇಳಲ್ಲ, ಒಂದು ಕಡೆ ಪಂಕ್ಚರ್ ಆಗಿದ್ದು ಗೊತ್ತಾಗದೆ ಆಟೋ ಸ್ಟಾರ್ಟರಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಆಗ್ತಾ ಹೋದ್ರೆ ಕೊನೆಗೆ ಎಲ್ಲಾ ಸುಟ್ಟು ಏನೂ ಗೊತ್ತಾಗಲ್ಲ, ಬೇರಿಂಗ್ ಜಾಮ್ ಆಗಿ ಓವರ್‌ಲೋಡ್ ಆದ್ರೂ ಮೂರು ಫೇಸೂ ಒಂದೇ ಸಮ ಹೋಗಿರತ್ತೆ, ಅದನ್ನ ವೋಲ್ಟೇಜ್ ಅಂತ ತಿಳ್ಕೊಂಡ್ರೆ ತಪ್ಪು. ಹಂಗಾಗಿ ಗುರುತಿನ ಕಾಲಮ್ ತೆಗೆದೆ. ಅದರ ಬದಲು ಬಂದಿದ್ದು 5ನೇ ತುಂಡು, ಸರ್ವಿಸ್ ಸೆಂಟರ್ ಪರೀಕ್ಷೆ. ಮೊದಲ ಟೇಬಲಲ್ಲಿ ಅದನ್ನ ನಾನು ಬಿಟ್ಟೇಬಿಟ್ಟಿದ್ದೆ, ಸುಮ್ನೆ ಕಂಪನಿಯವರ ಬಾಯಿಮಾತು ಅನ್ಕೊಂಡು.

ಆದ್ರೆ ರೈತರು ಬಿಚ್ಚದೇನೇ ಹೇಳಬಲ್ಲ ವಿಷಯ ಒಂದಿದೆ, ಅವರು ಹೆಂಗೆ ಓಡಿಸಿದ್ರು ಅನ್ನೋದು. ಅಲ್ಲಿ ಕಾರ್ಡಿನ ಭಾಷೆ ಬಿಟ್ಟು ತೋಟದ ಭಾಷೆ ಹಾಕ್ಬೇಕಾಯ್ತು. "ಒಂದು ಫೇಸ್ ಇಲ್ಲದೆ ಓಡಿಸಿದ್ದು" ಅಂದ್ರೆ ಯಾರೂ ನಮ್ದು ಅನ್ಕೊಳಲ್ಲ, ಫ್ಯೂಸ್ ಹೋಗಿರೋದು ಅಂತ ತಿಳ್ಕೋತಾರೆ. ನಮ್ಮ ಕಡೆ ನಡೆಯೋದು ಬೇರೆ. ತ್ರೀ ಫೇಸ್ ಇರೋದು ದಿನಕ್ಕೆ ಕೆಲವೇ ಗಂಟೆ, ಮಿಕ್ಕ ಹೊತ್ತು ಟೂ ಫೇಸ್ ಬರತ್ತಲ್ಲ, ಆಗ ಕಪಾಸಿಟರ್ ಇರೋ ಕನ್ವರ್ಟರ್ ಹಾಕಿ ಅದರಲ್ಲೇ ತ್ರೀ ಫೇಸ್ ಮೋಟಾರ್ ಓಡಿಸೋದು. ತಿರುಗತ್ತೆ, ನೀರೂ ಬರತ್ತೆ, ಆದ್ರೆ ಕರೆಂಟು ಮೂರು ಕಾಯಿಲಿಗೂ ಸಮನಾಗಿ ಹೋಗಲ್ಲ. ಇದು 14ನೇ ತುಂಡಿಗೆ ಸೇರತ್ತೋ ಇಲ್ವೋ ಅಂತ ನಾನೇ ತೀರ್ಮಾನ ಮಾಡೋ ಹಾಗಿಲ್ಲ, ಕಂಪನಿಗೆ ಕೇಳ್ಬೇಕು. ಡೀಲರ್ ಮೂಲಕ ಇಮೇಲ್ ಹಾಕಿಸಿದ್ವಿ, ಹೌದು ಸೇರತ್ತೆ ಅಂತ ಉತ್ತರ ಬಂತು, ಆಮೇಲೆ ಆ ಸಾಲು ಬರೆದೆ.

ಅದೇ ಇಮೇಲಲ್ಲಿ "ಮುಂತಾದ" ಬಗ್ಗೆನೂ ಕೇಳಿದ್ವಿ. ನಾಲ್ಕು ಭಾಗದ ಹೆಸರು ಹೇಳಿ ಮುಂತಾದ ಅಂದ್ರೆ ಐದನೇದು ಯಾವುದು? ಟೇಬಲಲ್ಲಿ ಈ ಪದ ಬಿಟ್ರೆ ಪಟ್ಟಿ ನಾಲ್ಕಕ್ಕೇ ಮುಗೀತು ಅಂತಾಗತ್ತೆ, ಕಂಪನಿ ಕೊಡದೆ ಇರೋದನ್ನ ಅಂಗಡಿಯೋನು ಕೊಟ್ಟಂಗೆ. ಇಟ್ರೆ ಓದೋನಿಗೆ ಏನೂ ಹೇಳ್ದಂಗೆ ಆಗಲ್ಲ. ಜಗಳ ಬರೋದು ಇಂಪೆಲ್ಲರ್ ವಿಷಯದಲ್ಲಿ, ಅದು ಸವೆಯೋ ಭಾಗ ಅಂತ ಕಂಪನಿಯವ್ರು, ಅದೇ ಪಂಪಿನ ಜೀವ ಅಂತ ರೈತ್ರು. ಉತ್ತರದಲ್ಲಿ ಇಂಪೆಲ್ಲರ್ ಮರಳಿಂದ ಸವೆದಿದ್ರೆ ಇಲ್ಲ, ದೋಷದಿಂದ ಒಡೆದಿದ್ರೆ ಇದೆ ಅಂತ ಬಂತು, ಅಷ್ಟು ಬರೆದೆ, ಮುಂತಾದ ಪದಾನೂ ಹಂಗೇ ಉಳಿಸ್ದೆ, ಪಕ್ಕದಲ್ಲಿ "ಹೆಸರಿಲ್ಲದ ಭಾಗ ಆದ್ರೆ ಕೇಳಿ" ಅಂತ ಸೇರಿಸ್ದೆ. ಚೆಂದ ಕಾಣಲ್ಲ, ಆದ್ರೆ ಪ್ಯಾರಾನೇ ಅಲ್ಲಿ ಬಾಯಿ ಬಿಡದೆ ಕೂತಿರೋವಾಗ ಟೇಬಲ್ ಬಾಯಿ ಬಿಟ್ರೆ ಅದು ನನ್ನ ಮಾತಾಗತ್ತೆ ಹೊರತು ಕಾರ್ಡಿಂದಲ್ಲ.

11ನೇ ತುಂಡು ಮೊದಲ ಸಲ ನನ್ನ ಕೈಯಿಂದ ಜಾರಿದ್ದು ಯಾಕೆ ಅಂತ ಆಮೇಲೆ ಯೋಚನೆ ಮಾಡ್ದೆ. "ಹೊರತುಪಡಿಸಿ" ಅನ್ನೋದು ಎರಡು ಅಲ್ಪವಿರಾಮದ ನಡುವೆ ಇತ್ತು, ಅದಾದ ತಕ್ಷಣ "ಅನ್ವಯಿಸುವುದಿಲ್ಲ", ಕಣ್ಣು ಹಾರಿ ಅಲ್ಲಿಗೆ ಹೋಗತ್ತೆ. ಇಲ್ಲ ಅನ್ನೋದರ ಒಳಗೆ ಇರೋ ಹೌದು ಅದು. ಇಂಥದ್ದನ್ನ ಅದೇ ಸಾಲಲ್ಲಿ ಸಣ್ಣ ಅಕ್ಷರದಲ್ಲಿ ಬರೆದ್ರೆ ಟೇಬಲಲ್ಲೂ ಯಾರೂ ಓದಲ್ಲ, ಅದಕ್ಕೇ ಅದಕ್ಕೊಂದು ಸ್ವಂತ ಸಾಲು ಕೊಟ್ಟೆ.

ಕೊನೆಗೆ ನಿಂತ ಹಾಳೆ ಇದು. ಮೇಲ್ಗಡೆ ಡಬ್ಬಿ:

> ನಿಮ್ಮ ವಾರಂಟಿ ಮುಗಿಯೋ ದಿನ: ____________
> ಮೋಟಾರ್ ಆಗಲಿ ಪಂಪ್ ಆಗಲಿ ಊರಲ್ಲಿ ಯಾರ ಕೈಲೂ ಬಿಚ್ಚಿಸಬೇಡಿ. ಸೀರಿಯಲ್ ನಂಬರ್ ಅಳಿಸಬೇಡಿ, ತಿದ್ದಬೇಡಿ. ಇವೆರಡರಲ್ಲಿ ಒಂದಾದ್ರೂ ಕೆಳಗಿನ ಯಾವುದಕ್ಕೂ ವಾರಂಟಿ ಇರಲ್ಲ.

| ಏನಾಯ್ತು | ವಾರಂಟಿ | ಷರತ್ತು | ತುಂಡು |
|---|---|---|---|
| ತಯಾರಿಕೆ ಅಥವಾ ಸಾಮಗ್ರಿ ದೋಷದಿಂದ ಮೋಟಾರ್ ಸುಟ್ಟಿದ್ದು, ಪಂಪ್ ಕೆಟ್ಟಿದ್ದು | ಇದೆ | ಸರ್ವಿಸ್ ಸೆಂಟರ್ ಪರೀಕ್ಷೆಲಿ ದೋಷ ಅಂತ ಬರ್ಬೇಕು. ರಿಪೇರಿ ಅಥವಾ ಬದಲಾವಣೆ, ಎರಡರಲ್ಲಿ ಒಂದು | 4, 5, 6 |
| ಬೋರಲ್ಲಿ ನೀರಿಲ್ಲದೆ ಗಾಳಿ ಎಳೀತಾ ಓಡಿ ಹಾಳಾಗಿದ್ದು | ಇಲ್ಲ | | 12 |
| ವೋಲ್ಟೇಜ್ 350ಕ್ಕಿಂತ ಕಮ್ಮಿ ಅಥವಾ 440ಕ್ಕಿಂತ ಜಾಸ್ತಿ ಇದ್ದಾಗ ಓಡಿಸಿ ಹಾಳಾಗಿದ್ದು | ಇಲ್ಲ | | 13 |
| ಒಂದು ಫೇಸ್ ಹೋದಾಗ, ಅಥವಾ ಟೂ ಫೇಸಲ್ಲಿ ಕನ್ವರ್ಟರ್ ಹಾಕಿ ಓಡಿಸಿ ಹಾಳಾಗಿದ್ದು | ಇಲ್ಲ | ಕನ್ವರ್ಟರ್ ಮಾತು ಕಂಪನಿ ಇಮೇಲ್ ಪ್ರಕಾರ | 14 |
| ಸರಿಯಾದ ಸ್ಟಾರ್ಟರ್ ಪ್ಯಾನೆಲ್ ಇಲ್ಲದೆ ಓಡಿಸಿ ಹಾಳಾಗಿದ್ದು | ಇಲ್ಲ | | 15 |
| ಮರಳು ನೀರಿಂದ ಹಾಳಾಗಿದ್ದು | ಇಲ್ಲ | | 16 |
| ಕೇಬಲ್, ನೆಕ್ ರಿಂಗ್, ಬುಷ್, ಆಯಿಲ್ ಸೀಲ್ ಮುಂತಾದವು ಸವೆದಿದ್ದು | ಇಲ್ಲ | ಹೆಸರಿಲ್ಲದ ಭಾಗ ಆದ್ರೆ ಕೇಳಿ | 7–10, 22 |
| ಮೇಲಿನವೇ, ಆದ್ರೆ ತಯಾರಿಕೆ ದೋಷದಿಂದ ಹಾಳಾಗಿದ್ದು | ಇದೆ | ಪರೀಕ್ಷೆಲಿ ದೋಷ ಅಂತ ಬರ್ಬೇಕು | 11, 5 |
| ಇಂಪೆಲ್ಲರ್ ಒಡೆದಿದ್ದು ಅಥವಾ ಸವೆದಿದ್ದು | ದೋಷದಿಂದ ಒಡೆದಿದ್ರೆ ಇದೆ, ಮರಳಿಂದ ಸವೆದಿದ್ರೆ ಇಲ್ಲ | ಕಂಪನಿ ಇಮೇಲ್ ಪ್ರಕಾರ | 22, 16 |
| ಕೇಬಲ್ ಜಾಯಿಂಟ್ ಸುಟ್ಟಿದ್ದು | ಕಾರ್ಡಲ್ಲಿ ಹೇಳಿಲ್ಲ | ಅಂಗಡಿಲಿ ಕೇಳಿ | – |

ಟೇಬಲ್ ಕೆಳಗೆ ಎರಡು ಸಾಲು: ವಾರಂಟಿ ಇದ್ರೂ ಪಂಪ್ ಎತ್ತೋ, ಇಳಿಸೋ, ಸಾಗಿಸೋ ಖರ್ಚು ನಿಮ್ಮದೇ. ರಿಪೇರಿ ಆದ ಭಾಗಕ್ಕೆ ಹೊಸದಾಗಿ ವರ್ಷ ಶುರು ಆಗಲ್ಲ, ಮೇಲೆ ಬರೆದ ದಿನಕ್ಕೇ ಮುಗಿಯತ್ತೆ. ಅದರ ಕೆಳಗೆ ಕಾರ್ಡಿನ ಪ್ಯಾರಾ ಪೂರ್ತಿ, ಇದ್ದಿದ್ದು ಇದ್ದಂಗೆ, ವ್ಯತ್ಯಾಸ ಬಂದ್ರೆ ಪ್ಯಾರಾನೇ ಅಂತಿಮ ಅಂತ. ಖರ್ಚಿನ ಮಾತು "ಇಲ್ಲ" ಅನ್ನೋ ಸಾಲುಗಳ ಜೊತೆ ಹಾಕ್ಲಿಲ್ಲ ಯಾಕಂದ್ರೆ ಅದು "ಇದೆ" ಅನ್ನೋ ಸಾಲಿನ ಮೇಲೂ ಬೀಳತ್ತೆ. ಆಳದ ಬೋರಾದ್ರೆ ಎತ್ತಿ ಇಳಿಸೋಕೇ ಸಾವಿರಗಟ್ಲೆ ಹೋಗತ್ತೆ, ಉಚಿತ ರಿಪೇರಿ ಅಂತ ನಂಬ್ಕೊಂಡು ಬಂದೋನಿಗೆ ಅದು ಮೊದಲೇ ಗೊತ್ತಿರ್ಬೇಕು.

ತುಂಡಿನ ಕಾಲಮ್ ಗ್ರಾಹಕರಿಗೆ ಕೊಡೋ ಕಾಪಿಲಿ ಇಲ್ಲ, ಅಂಗಡಿ ಕಾಪಿಲಿ ಮಾತ್ರ. ಅದನ್ನ ಇಟ್ಕೊಂಡಿದ್ದು 22ರಲ್ಲಿ ಯಾವುದೂ ತಪ್ಪೋಗಿಲ್ಲ ಅಂತ ಎಣಿಸಕ್ಕೆ, ಮತ್ತೆ ಮುಂದಿನ ವರ್ಷ ಕಂಪನಿ ಕಾರ್ಡ್ ಬದಲಾಯಿಸಿದ್ರೆ ಯಾವ ಸಾಲು ತಿದ್ದಬೇಕು ಅಂತ ಹುಡುಕಕ್ಕೆ.

ಕೊನೇ ಸಾಲಿನ ಕೇಬಲ್ ಜಾಯಿಂಟ್ ಬಂದಿದ್ದು ಟೆಸ್ಟ್ ಮಾಡೋವಾಗ. ಅಂಗಡಿಯ ಹಳೇ ಕಂಪ್ಲೇಂಟ್ ಪುಸ್ತಕದಿಂದ 11 ಕೇಸ್ ಆರಿಸ್ಕೊಂಡು, ಕೌಂಟರ್ ಹುಡುಗನಿಗೆ ಟೇಬಲ್ ಮಾತ್ರ ಕೊಟ್ಟು, ನಾನು ಪ್ಯಾರಾ ಮಾತ್ರ ಇಟ್ಕೊಂಡು, ಇಬ್ರೂ ಬೇರೆ ಬೇರೆ ಕೂತು ಉತ್ತರ ಬರೆದ್ವಿ. 10 ಕೇಸಲ್ಲಿ ಇಬ್ರದ್ದೂ ಒಂದೇ ಉತ್ತರ. ಒಂದರಲ್ಲಿ ಮಾತ್ರ ಅವನು "ಕೇಬಲ್, ಹಂಗಾಗಿ ಇಲ್ಲ" ಅಂತ ಬರೆದಿದ್ದ, ನಾನು ಏನೂ ಬರೆಯಕ್ಕಾಗ್ದೆ ಖಾಲಿ ಬಿಟ್ಟಿದ್ದೆ. ಮೋಟಾರಿನ ವೈರಿಗೂ ಮೇಲಿಂದ ಬರೋ ಕೇಬಲ್ಲಿಗೂ ಹಾಕೋ ಜಾಯಿಂಟು ಅದು, ಇಳಿಸೋವಾಗ ಟೇಪ್ ಸರಿ ಸುತ್ತದೆ ನೀರು ಹೋಗಿ ಸುಟ್ಟಿತ್ತು. ಅದು ಕಂಪನಿ ಮಾಡಿದ್ದಲ್ಲ, ಹಂಗಾಗಿ 4ನೇ ತುಂಡಿಗೆ ಸೇರಲ್ಲ, ಸವೆದಿದ್ದೂ ಅಲ್ಲ, ಹಂಗಾಗಿ 7ಕ್ಕೂ ಸೇರಲ್ಲ. ಜಾಯಿಂಟಿಂದಾಗಿ ಮೋಟಾರೂ ಹೋದ್ರೆ ಏನು ಅನ್ನೋದು ಇನ್ನೂ ಕಷ್ಟ. ಎರಡು ಕಾಲಮ್ ಟೇಬಲಲ್ಲಿ ಇದಕ್ಕೆ ಜಾಗಾನೇ ಇರ್ತಿರ್ಲಿಲ್ಲ, ಹೌದು ಇಲ್ಲ ಎರಡರಲ್ಲಿ ಒಂದಕ್ಕೆ ನೂಕಬೇಕಿತ್ತು. ಅದಕ್ಕೇ "ಕಾರ್ಡಲ್ಲಿ ಹೇಳಿಲ್ಲ" ಅನ್ನೋ ಮೂರನೇ ಉತ್ತರ.

ಅಂಗಡಿ ಅಣ್ಣ ಅದನ್ನ "ಇಲ್ಲ" ಅಂತಾನೇ ಹಾಕು ಅಂದ, ಗ್ರಾಹಕ್ರಿಗೆ "ಇದೆ" ಅಂದ್ರೆ ತಾನೇ ತೊಂದ್ರೆ ಅಂತ. ಎರಡೂ ತೊಂದ್ರೇನೇ. ಕಾರ್ಡಲ್ಲಿ ಇಲ್ಲದ "ಇದೆ" ಬರೆದ್ರೆ ಅದು ಅಂಗಡಿಯೋನು ತಾನಾಗೇ ಕೊಟ್ಟ ಭರವಸೆ ಆಗತ್ತೆ, ನಾಳೆ ಯಾರಾದ್ರೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ ಇದೇ ಹಾಳೆ ಮುಂದಿಡಬೋದು. ಕಾರ್ಡಲ್ಲಿ ಇಲ್ಲದ "ಇಲ್ಲ" ಬರೆದ್ರೆ ಗ್ರಾಹಕನಿಗೆ ಇರೋ ಹಕ್ಕನ್ನ ನಾವೇ ಕಿತ್ಕೊಂಡಂಗೆ. ಅದರ ಬಗ್ಗೆ ಕಂಪನಿಗೆ ಎರಡನೇ ಇಮೇಲ್ ಹೋಗಿದೆ, ನಾನು ಇದನ್ನ ಬರೆಯೋವರೆಗೂ ಉತ್ತರ ಬಂದಿಲ್ಲ, ಸಾಲು ಹಂಗೇ ಇದೆ.

ಗಂಡಸಿ ಗೌಡ್ರದ್ದು ಏನಾಯ್ತು ಅಂದ್ರೆ, ಸೆಪ್ಟೆಂಬರ್ ಲೆಕ್ಕ ಬರೆದು ತೋರಿಸಿದ ಮೇಲೆ ಅವರು ಸುಮ್ನಾದ್ರು, ಒಪ್ಪಿದ್ರು ಅಂತ ಹೇಳಕ್ಕಾಗಲ್ಲ. ವಾರಂಟಿ ಮುಗಿದಿದ್ರಿಂದ ಬಿಚ್ಚಕ್ಕೆ ಅಡ್ಡಿ ಇರ್ಲಿಲ್ಲ, ಮೋಟಾರ್ ವೈಂಡಿಂಗ್ ಸಾಹೇಬ್ರ ಹತ್ರಾನೇ ಹೋಯ್ತು. ಸ್ಟಾರ್ ಕನೆಕ್ಷನ್, ಎರಡು ಫೇಸ್ ಪೂರ್ತಿ ಹೋಗಿ ಮೂರನೇದು ಲಕಲಕ ಅಂತಿತ್ತು. ಗೌಡ್ರನ್ನ ಕೇಳಿದ್ರೆ, "ರಾತ್ರಿ ಟೂ ಫೇಸ್ ಇರ್ತಿತ್ತಲ್ಲ, ಕನ್ವರ್ಟರ್ ಆಕ್ಕೊಂಡು ಬುಡ್ತಿದ್ದೆ, ಎಲ್ಲಾರೂ ಬುಡ್ತಾರೆ ಕಣಪ್ಪ, ಅದ್ಕೂ ವಾರಂಟಿಗೂ ಏನ್ ಸಮ್ಮಂದ?" ಅಂದ್ರು. ಜನವರಿಲಿ ಮಾರೋವಾಗ ಯಾರೂ ಅವರಿಗೆ ಹೇಳಿರ್ಲಿಲ್ಲ. ರೀವೈಂಡಿಂಗ್ ದುಡ್ಡು ಅವರೇ ಕೊಟ್ರು, ಅಂಗಡಿ ಅಣ್ಣ ಆಟೋ ಬಾಡಿಗೆ ಮಾತ್ರ ಕೊಟ್ಟ.

ಅದಾದ ಮೇಲೊಂದು ಭಾನುವಾರ ಅವನು ಗೋಡೌನ್‌ಗೆ ಹೋಗಿ ಎಲ್ಲಾ ಮೋಟಾರಿನ ಪ್ಲೇಟೂ ಓದಿ, 6 ತಿಂಗಳು ದಾಟಿದ ನಾಲ್ಕನ್ನ ಮುಂದಕ್ಕೆ ಎಳೆದಿಟ್ಟು, ಒಂದೊಂದರ ಮೇಲೂ ಚಾಕ್‌ಪೀಸಲ್ಲಿ ಎಷ್ಟು ತಿಂಗಳು ಉಳಿದಿದೆ ಅಂತ ಬರೆದಿದ್ದಾನೆ. ರೇಟಲ್ಲಿ ಸ್ವಲ್ಪ ಬಿಟ್ಟು ಕೊಡ್ತಾನಂತೆ, ಹಾಳೇಲಿ ತಾರೀಖು ಬರೆದೇ.